ಮೀನಿನ ವಾಸನೆಯ ಹುಡುಗಿ ‘ಸಂಸ್ಕಾರ’ದೊಳಗೆ ಯಾಕೆ ಬಂದಳು?

ಭದ್ರಾವತಿಯ ಡಿಗ್ರಿ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಅವಳ ಅಜ್ಜಿ ಭದ್ರಾ ಹೊಳೆಯ ಮೀನು ಮಾರುತ್ತಿದ್ದವರು. ‘ಅಣ್ಣ, ಸಂಸ್ಕಾರ ಕಾದಂಬರಿಯಲ್ಲಿ ನಾರಣಪ್ಪ ಯಾರೋ ಋಷಿ, ದೋಣಿ, ಮೀನು ನಾರುವ ಹೆಂಗಸು ಅಂತ ಹೇಳಿ ನಗ್ತಾನೆ. ಅದೇನು? ನಮ್ಮೋರನ್ನ ಬೈಯೋದಾ?’

ಬೈಗುಳ ಅಲ್ಲ. ಆದರೆ ಹಿಂದಿನ ಕತೆ ಗೊತ್ತಿಲ್ಲದಿದ್ದರೆ ಹಾಗೆಯೇ ಕೇಳಿಸುತ್ತದೆ. ನಾರಣಪ್ಪ ಕತೆಯನ್ನು ಬಿಡಿಸಿ ಹೇಳುವುದಿಲ್ಲ, ಎದುರಿಗಿರುವ ಪ್ರಾಣೇಶಾಚಾರ್ಯರಿಗೆ ಅದು ಗೊತ್ತಿದೆ ಎಂದುಕೊಂಡೇ ಕೆಣಕುತ್ತಾನೆ. ಹೀಗೆ ಹಳೆಯ ಕತೆಯನ್ನು ಪೂರ್ತಿ ಹೇಳದೆ, ಬರೀ ನೆನಪು ಮಾಡಿ ಬಿಡುವುದು ಬರಹಗಾರರ ಒಂದು ದಾರಿ. ಊರಲ್ಲಿ ಯಾರನ್ನಾದರೂ ‘ಶಕುನಿ’ ಎಂದರೆ ಸಾಕಲ್ಲ, ಪಗಡೆಯಾಟದ ಕತೆಯನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇದೂ ಹಾಗೆಯೇ.

ಮೊದಲು ಮಹಾಭಾರತದ ಆ ಕತೆ ನೋಡೋಣ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ ಹೆಣ್ಣುಮಗುವನ್ನು ಬೆಸ್ತರ ಯಜಮಾನ ಸಾಕುತ್ತಾನೆ. ಮೈಯಲ್ಲಿ ಮೀನಿನ ವಾಸನೆ ಇದ್ದುದರಿಂದ ಅವಳು ಮತ್ಸ್ಯಗಂಧಿ. ಯಮುನೆಯಲ್ಲಿ ದೋಣಿ ನಡೆಸುತ್ತಿರುವಾಗ ಪರಾಶರ ಋಷಿ ಅವಳನ್ನು ಕಂಡು ಮೋಹಿಸುತ್ತಾನೆ. ಎರಡೂ ದಡದಲ್ಲಿ ಜನ ಇದ್ದಾರೆ ಎಂದು ಅವಳು ಅಂಜಿದರೆ ಮಂಜು ಕವಿಸುತ್ತಾನೆ. ಕನ್ಯತ್ವ ಹೋದರೆ ತಂದೆಗೆ ಹೇಗೆ ಮುಖ ತೋರಿಸಲಿ ಎಂದರೆ, ಅದು ಕೆಡದಂತೆ ವರ ಕೊಡುತ್ತಾನೆ. ಅವಳ ಮೈಯ ಮೀನಿನ ವಾಸನೆ ಹೋಗಿ, ಯೋಜನ ದೂರಕ್ಕೆ ಹಬ್ಬುವ ಸುಗಂಧವಾಗುತ್ತದೆ. ನಡುಗಡ್ಡೆಯಲ್ಲಿ ಅವಳಿಗೆ ಹುಟ್ಟಿದ ಮಗನೇ ವ್ಯಾಸ. ಮಹಾಭಾರತ ಬರೆದವನೆಂದು ನಾವು ಕೈಮುಗಿಯುವ ವ್ಯಾಸ. ಮುಂದೆ ಅವಳೇ ಶಂತನುವಿನ ರಾಣಿ ಸತ್ಯವತಿ. ಧೃತರಾಷ್ಟ್ರ, ಪಾಂಡು ಇಬ್ಬರೂ ಅವಳ ಮೊಮ್ಮಕ್ಕಳು.

ಈಗ ಕಾದಂಬರಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ 1965ರಲ್ಲಿ ಬಂತು. ತುಂಗೆಯ ದಂಡೆಯ ದುರ್ವಾಸಪುರ ಅಗ್ರಹಾರದ ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಬಂದವನು ಜ್ವರ ಹತ್ತಿ ಸಾಯುತ್ತಾನೆ. ಅವನು ಬದುಕಿದ್ದಾಗ ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದ, ದೇವಸ್ಥಾನದ ಹೊಂಡದ ಮೀನು ಹಿಡಿದಿದ್ದ. ಆದರೂ ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಹಾಗಾದರೆ ಹೆಣ ಸುಡುವವರು ಯಾರು? ಪಂಡಿತರಾದ ಪ್ರಾಣೇಶಾಚಾರ್ಯರಿಗೂ ಉತ್ತರ ಸಿಗುವುದಿಲ್ಲ.

ಈ ಕತೆಯೊಳಗೆ ಮತ್ಸ್ಯಗಂಧಿಯ ನೆರಳು ಎರಡು ಕಡೆ ಎದ್ದು ಕಾಣುತ್ತದೆ. ಮೊದಲನೆಯದು ನಾರಣಪ್ಪನ ಆ ಕೊಂಕು. ಆಚಾರ್ಯರು ಪುರಾಣ ಓದುವಾಗ ಋಷಿಗಳ ಪ್ರಣಯವನ್ನು ರಸವತ್ತಾಗಿ ವರ್ಣಿಸುತ್ತಾರೆ, ಅದನ್ನೇ ತಾನು ಬದುಕಿದರೆ ತಪ್ಪು ಎನ್ನುತ್ತಾರೆ. ನಾರಣಪ್ಪನ ತಕರಾರು ಇಷ್ಟು. ಅವನು ನಗುತ್ತಿರುವುದು ಮೀನುಗಾತಿಯನ್ನು ನೋಡಿ ಅಲ್ಲ, ಅವಳ ಕತೆಯನ್ನು ಪುಣ್ಯಕತೆ ಎಂದು ಓದಿಯೂ ಚಂದ್ರಿಯನ್ನು ಹೊಸಿಲ ಹೊರಗೆ ನಿಲ್ಲಿಸುವವರನ್ನು ನೋಡಿ. ಎರಡನೆಯದು ದುರ್ಗಾಭಟ್ಟನ ಕಣ್ಣು. ಹೆಣದ ವಿಚಾರ ನಡೆಯುವ ಹೊತ್ತಿನಲ್ಲೇ ಅವನಿಗೆ ಚಂದ್ರಿ, ತನ್ನ ಮನೆಯಲ್ಲಿ ತೂಗುಹಾಕಿದ ರವಿವರ್ಮನ ಮತ್ಸ್ಯಗಂಧಿಯ ಚಿತ್ರದಂತೆ ಕಾಣುತ್ತಾಳೆ. ಗೋಡೆಯ ಮೇಲೆ ಇರುವಾಗ ಅವಳು ಪೂಜ್ಯರ ಕತೆ, ಅಂಗಳದಲ್ಲಿ ನಿಂತರೆ ಮೈಲಿಗೆ.

ಇವೆರಡನ್ನೂ ಗಮನಿಸಿದ ಮೇಲೆ ಕಾಡಿನ ಪ್ರಸಂಗ ಬೇರೆಯಾಗಿ ಕಾಣುತ್ತದೆ. ಮಾರುತಿ ಗುಡಿಯಲ್ಲಿ ದೇವರ ಅಪ್ಪಣೆ ಸಿಗದೆ ಆಚಾರ್ಯರು ಕತ್ತಲಲ್ಲಿ ಹಿಂದಿರುಗುತ್ತಾರೆ. ಹಿಂದೆಯೇ ಬಂದ ಚಂದ್ರಿ ಕಾಲಿಗೆ ಬೀಳುತ್ತಾಳೆ, ಇಬ್ಬರೂ ಕೂಡುತ್ತಾರೆ. ಇಂಥ ಪುಣ್ಯವಂತನಿಂದ ಮಗು ಆಗಬೇಕು ಎಂಬ ಆಸೆ ಚಂದ್ರಿಯ ಮನಸ್ಸಿನಲ್ಲಿ ಇದೆ. ಋಷಿ, ಹೊರಗಿನ ಹೆಣ್ಣು, ಮಗನ ಆಸೆ: ಇದು ಪರಾಶರನ ಕತೆಯೇ. ಯಮುನೆಯ ಮಂಜಿನ ಜಾಗದಲ್ಲಿ ಮಲೆನಾಡಿನ ಕಾಡಿನ ಕತ್ತಲು ಬಂದಿದೆ, ಅಷ್ಟೆ.

ಆದರೆ ಅನಂತಮೂರ್ತಿ ಹಳೆಯ ಕತೆಯನ್ನು ಹಾಗೇ ನಕಲು ಮಾಡಿಲ್ಲ. ಪರಾಶರನಿಗೆ ಏನೂ ಆಗುವುದಿಲ್ಲ. ಅವನು ಹೊಳೆಯಲ್ಲಿ ಮಿಂದು ತನ್ನ ದಾರಿ ಹಿಡಿಯುತ್ತಾನೆ, ಬದಲಾಗುವುದು ಹುಡುಗಿಯ ಮೈ. ಇಲ್ಲಿ ಬುಡ ಕಿತ್ತುಹೋಗುವುದು ಆಚಾರ್ಯರದು. ಮಿಂದರೂ ಹೋಗದ ಪ್ರಶ್ನೆಯೊಂದು ಅವರಿಗೆ ಹತ್ತಿಕೊಳ್ಳುತ್ತದೆ, ಅವರು ಊರು ಬಿಟ್ಟು ಅಲೆಯುತ್ತಾರೆ. ವಾಸನೆಯೂ ತಿರುವುಮುರುವಾಗಿದೆ. ಪುರಾಣದಲ್ಲಿ ಋಷಿಯ ವರದಿಂದ ಮೀನುಗಾತಿಯ ನಾತ ಸುಗಂಧವಾಗುತ್ತದೆ. ಕಾದಂಬರಿಯಲ್ಲಿ ಹಿತ್ತಲಿನ ರಾತ್ರಿರಾಣಿಯ ಪರಿಮಳ ನಾರಣಪ್ಪನ ಮನೆಯದು. ನಾರುವುದು ಶುದ್ಧವೆಂದುಕೊಂಡ ಅಗ್ರಹಾರ, ಕೊಳೆಯುವ ಹೆಣದಿಂದ ಮತ್ತು ಸತ್ತ ಇಲಿಗಳಿಂದ.

ಹಾಗಂತ ಕಂಡದ್ದನ್ನೆಲ್ಲ ಪುರಾಣಕ್ಕೆ ಗಂಟು ಹಾಕಬಾರದು. ಒಂದು ಉದಾಹರಣೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಇವತ್ತಿಗೂ ಗಮಕದಲ್ಲಿ ಹಾಡುವ ಗದುಗಿನ ಭಾರತವನ್ನು ಬರೆದ ಕುಮಾರವ್ಯಾಸನ ಹೆಸರೂ ನಾರಣಪ್ಪ. ಅಷ್ಟಕ್ಕೇ ಈ ನಾರಣಪ್ಪ ಆ ಕವಿಯನ್ನು ನೆನಪಿಸಲು ಬಂದವನು ಎನ್ನಲಾಗದು, ಯಾಕೆಂದರೆ ಕತೆಯಲ್ಲಿ ಯಾವುದೂ ಆ ಹೊಂದಿಕೆಯ ಮೇಲೆ ನಿಂತಿಲ್ಲ. ಹೆಸರು ತೆಗೆದು ಬೇರೆ ಹೆಸರಿಟ್ಟರೂ ಕತೆ ಹಾಗೇ ನಡೆಯುತ್ತದೆ. ಮತ್ಸ್ಯಗಂಧಿಯನ್ನು ತೆಗೆದು ನೋಡಿ, ನಾರಣಪ್ಪನ ವಾದ ಬಿದ್ದುಹೋಗುತ್ತದೆ. ನೋಟವೂ ಮಾತೂ ಬೇರೆ ಬೇರೆ ಪಾತ್ರಗಳಿಂದ ಅದೇ ಹೆಂಗಸಿನ ಕಡೆಗೆ ಬೆರಳು ಮಾಡುತ್ತವೆ. ಪರೀಕ್ಷೆ ಇದು: ತೆಗೆದರೆ ಏನು ಕಳಚಿಕೊಳ್ಳುತ್ತದೆ ಎಂದು ನೋಡಬೇಕು.

ಒಂದು ಮಾತು ಮಾತ್ರ ನಾವು ಆ ಹುಡುಗಿಗೆ ಮುಚ್ಚಿಡಲಿಲ್ಲ. ಹಳೆಯ ಕತೆಯಲ್ಲೂ ಮೀನಿನ ವಾಸನೆ ನಿವಾರಿಸಬೇಕಾದ ಕೊರತೆಯೇ. ಅದು ದುಡಿಮೆಯ ವಾಸನೆ ಎಂದು ಯಾರೂ ಅಲ್ಲಿ ಹೇಳುವುದಿಲ್ಲ. ನಾರಣಪ್ಪ ಕೂಡ ಆ ಹೆಂಗಸನ್ನು ತನ್ನ ವಾದಕ್ಕೆ ಬಳಸಿಕೊಳ್ಳುತ್ತಾನೆಯೇ ಹೊರತು ಅವಳ ಕಡೆಯಿಂದ ಒಂದು ಮಾತೂ ಆಡುವುದಿಲ್ಲ. ಅವಳಿಗೆ ಚುಚ್ಚಿದ್ದು ಸುಳ್ಳಲ್ಲ.

ಆದರೆ ಚಂದ್ರಿಯ ಕೈಯಲ್ಲಿ ಕತೆ ಇನ್ನೊಂದು ಕಡೆ ಹೊರಳುತ್ತದೆ. ಮತ್ಸ್ಯಗಂಧಿ ವರ ಪಡೆದಳು, ಚಂದ್ರಿ ಯಾರಿಂದಲೂ ಏನೂ ಪಡೆಯಲಿಲ್ಲ. ಶಾಸ್ತ್ರ ಬಲ್ಲವರಿಗೆ ಉತ್ತರ ಸಿಗದಿರುವಾಗಲೇ ಅವಳು ಮುಸ್ಲಿಮನೊಬ್ಬನ ಸಹಾಯದಿಂದ ಹೆಣವನ್ನು ಸುಡಿಸಿ, ಕುಂದಾಪುರದ ದಾರಿ ಹಿಡಿಯುತ್ತಾಳೆ. ಅದು ಗೊತ್ತಿಲ್ಲದ ಅಗ್ರಹಾರದವರು ಹೆಣ ಇನ್ನೂ ಒಳಗೇ ಇದೆ ಎಂದುಕೊಂಡು ಚರ್ಚೆ ಮುಂದುವರಿಸುತ್ತಾರೆ.