ನಾನೂರು ಎಲ್ಲಿಂದ ಬಂತು?

ಗೂಗಲ್ ಆಡ್ಸ್‌ನಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇದೆ. ಮೇಲೆ `Target CPA` ಅಂತ ಬರೆದಿರುತ್ತೆ. ಒಂದು ಬುಕಿಂಗ್ ಆಗಲಿ, ತುಂಬಿದ ಒಂದು ಫಾರ್ಮ್ ಆಗಲಿ, ಅದನ್ನು ತಂದುಕೊಡೋಕೆ ಸರಾಸರಿ ಎಷ್ಟು ಖರ್ಚಾದರೆ ನಿಮಗೆ ಒಪ್ಪಿಗೆ ಅಂತ ಅದು ಕೇಳುತ್ತೆ. ನೀವು ಒಂದು ನಂಬರ್ ಬರೆದರೆ ಸಾಕು, ಅಲ್ಲಿಂದ ಮುಂದೆ ಪ್ರತಿ ಹುಡುಕಾಟದ ಹರಾಜಿನಲ್ಲೂ ಎಷ್ಟು ಕೂಗಬೇಕು ಅನ್ನೋದು ಮೆಷಿನ್ನಿನ ಕೆಲಸ. ಕೆಲಸ ಸುಲಭ ಅನ್ನಿಸುತ್ತೆ. ಅದಕ್ಕೇ ಬಹಳಷ್ಟು ಜನ ಆ ಪೆಟ್ಟಿಗೆಯಲ್ಲಿ ತಮ್ಮ ಆಸೆಯನ್ನು ಬರೆದುಬಿಡ್ತಾರೆ.

ನಮ್ಮ ದೊಡ್ಡಮ್ಮನ ಮಗಳು ರಾಜಾಜಿನಗರದಲ್ಲಿ ಜರ್ಮನ್ ಭಾಷೆ ಕಲಿಸುವ ಒಂದು ಪುಟ್ಟ ಸೆಂಟರ್ ನಡೆಸ್ತಾಳೆ. ಇಬ್ಬರು ಟೀಚರ್‌ಗಳು, ಒಂದು ಬಾಡಿಗೆ ರೂಮು. ಜರ್ಮನಿಗೆ ಹೋಗಬೇಕು ಅಂದುಕೊಂಡಿರುವ ನರ್ಸ್‌ಗಳು, ಎಂಜಿನಿಯರ್‌ಗಳು ಮೊದಲ ಹಂತದ ಬ್ಯಾಚಿಗೆ ಬರ್ತಾರೆ. ವಾರಕ್ಕೆ ಹತ್ತು ಸಾವಿರ ರೂಪಾಯಿ ಜಾಹೀರಾತಿಗೆ ಹೋಗುತ್ತೆ. ಮೂರು ತಿಂಗಳಿಂದ ಬಿಡ್‌ಗಳನ್ನು ಅವಳೇ ಕೈಯಲ್ಲಿ ಹಾಕ್ತಿದ್ದಳು. "ಸಾಕಾಗಿದೆ ಕಣೋ, ಆಟೋಮ್ಯಾಟಿಕ್ ಮಾಡಿಬಿಡು. ಟಾರ್ಗೆಟ್ ನಾನೂರು ಹಾಕು" ಅಂದಳು. ಡಿಜಿಟಲ್ ಮಾರ್ಕೆಟಿಂಗ್ ನನ್ನ ಹೊಟ್ಟೆಪಾಡು. ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆ, "ಅಕ್ಕ, ಈ ನಾನೂರು ಎಲ್ಲಿಂದ ಬಂತು?"

ಅವಳ ಲೆಕ್ಕ ಹೀಗಿತ್ತು. ಅಕೌಂಟಿನಲ್ಲಿ ಹನ್ನೆರಡು ವಾರಕ್ಕೆ 1,20,000 ರೂಪಾಯಿ ಖರ್ಚು, 237 ಕನ್ವರ್ಶನ್. ಭಾಗಿಸಿದರೆ ಒಂದಕ್ಕೆ ಸುಮಾರು 506. "ನಾನು ಅಂದಾಜಿನಲ್ಲಿ ಮಾಡಿದ್ದಕ್ಕೇ ಐನೂರು ಆಗಿದೆ. ಮೆಷಿನ್ ಅಂದಮೇಲೆ ನಾನೂರಕ್ಕೆ ಮಾಡಬೇಕಪ್ಪ" ಅಂದಳು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಅದಕ್ಕೆ ತಳಹದಿಯಾದ ಐನೂರು ನಿಜವಾ ಅನ್ನೋದನ್ನು ಮೊದಲು ನೋಡಬೇಕಿತ್ತು.

ಆ 237ರಲ್ಲಿ ಏನೇನಿದೆ ಅಂತ ಬಿಡಿಸಿ ನೋಡಿದ್ವಿ. ಕನ್ವರ್ಶನ್ ಬಗೆ ಪ್ರಕಾರ ವಿಂಗಡಿಸಿದಾಗ ಡೆಮೊ ಕ್ಲಾಸಿಗೆ ಫಾರ್ಮ್ ತುಂಬಿದವರು 140. ಉಳಿದ 97 ಅಂದರೆ ವಾಟ್ಸಾಪ್ ಬಟನ್ ಒತ್ತಿದವರು. ಬಟನ್ ಒತ್ತಿದವರಲ್ಲಿ ಹೆಚ್ಚಿನವರು ಮೆಸೇಜನ್ನೇ ಕಳಿಸಿರಲಿಲ್ಲ. ಎರಡನ್ನೂ ಒಂದೇ ಬೆಲೆಯ ಕನ್ವರ್ಶನ್ ಅಂತ ಮೆಷಿನ್ನಿಗೆ ಹೇಳಿದರೆ ಅದು ಅಗ್ಗವಾಗಿ ಸಿಗೋದನ್ನೇ ಹುಡುಕಿಕೊಂಡು ಹೋಗುತ್ತೆ. ವಾಟ್ಸಾಪ್ ಬಟನ್ ಒತ್ತುವವರ ಸಂಖ್ಯೆ ಏರುತ್ತೆ, ಸ್ಕ್ರೀನ್ ಮೇಲಿನ ಸಿಪಿಎ ಚೆಂದ ಕಾಣುತ್ತೆ, ಕ್ಲಾಸ್‌ರೂಮ್ ಮಾತ್ರ ಖಾಲಿ. ಟಾರ್ಗೆಟ್ ಬರೆಯೋ ಪೆಟ್ಟಿಗೆಯ ಹತ್ತಿರ ಗೂಗಲ್ಲೇ ಒಂದು ನಂಬರ್ ಸೂಚಿಸೋದುಂಟು. ಅದೂ ನೀವು ಯಾವುದನ್ನು ಎಣಿಸು ಅಂದಿದ್ದೀರೋ ಅದನ್ನೇ ಎಣಿಸಿ ಹೇಳೋದು. ವಾಟ್ಸಾಪ್ ಬಟನ್ನನ್ನು `Secondary` ಗುಂಪಿಗೆ ಹಾಕಿದ್ವಿ. ಅಲ್ಲಿದ್ದರೆ ವರದಿಯಲ್ಲಿ ಕಾಣುತ್ತೆ, ಬಿಡ್ಡಿಂಗಿಗೆ ಬಳಕೆಯಾಗಲ್ಲ. ಈಗ ಲೆಕ್ಕ 1,20,000 ಭಾಗಿಸು 140, ಅಂದರೆ 857. ಅಕ್ಕನ ಮುಖ ಸಪ್ಪಗಾಯ್ತು.

"ಈ ಎಂಟುನೂರೈವತ್ತೇಳೂ ಸರಿಯಿಲ್ಲ, ತಡಿ" ಅಂದೆ. ಕೊನೆಯ ಎರಡು ವಾರದಲ್ಲಿ 20,000 ಖರ್ಚಾಗಿ ಬರೀ 16 ಫಾರ್ಮ್ ಬಂದಿದ್ದವು. ಜಾಹೀರಾತು ಕೆಟ್ಟುಹೋಯ್ತು ಅಂತ ಅವಳು ಹೆದರಿದ್ದು ಇದನ್ನು ನೋಡಿಯೇ. ಇದಕ್ಕೆ ಕಾರಣ ಬೇರೆ. ಒಬ್ಬಳು ಸೋಮವಾರ ಜಾಹೀರಾತು ಕ್ಲಿಕ್ ಮಾಡಿ, ಮನೆಯವರ ಹತ್ತಿರ ಮಾತಾಡಿ, ಮುಂದಿನ ಶನಿವಾರ ಫಾರ್ಮ್ ತುಂಬಿದಳು ಅನ್ನಿ. ಗೂಗಲ್ ಆಡ್ಸ್‌ನ `Conversions` ಕಾಲಂ ಆ ಫಾರ್ಮನ್ನು ಶನಿವಾರಕ್ಕೆ ಬರೆಯಲ್ಲ, ಕ್ಲಿಕ್ ಆದ ಸೋಮವಾರದ ಖಾತೆಗೇ ಬರೆಯುತ್ತೆ. ಅಂದಮೇಲೆ ಇತ್ತೀಚಿನ ದಿನಗಳ ಖರ್ಚು ಪೂರ್ತಿ ಬಂದಿರುತ್ತೆ, ಫಲ ಇನ್ನೂ ಅರ್ಧ ದಾರಿಯಲ್ಲಿರುತ್ತೆ. ಎಷ್ಟು ದಿನ ಕಾಯಬೇಕು ಅನ್ನೋದಕ್ಕೆ `Days to conversion` ಅನ್ನೋ ವಿಂಗಡಣೆ ಇದೆ. ಅಕ್ಕನ ಅಕೌಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಫಾರ್ಮ್‌ಗಳು ಅದೇ ದಿನ ಬರ್ತಿದ್ದವು, ಉಳಿದವು ಹೆಚ್ಚುಕಮ್ಮಿ ಹನ್ನೆರಡು ದಿನದೊಳಗೆ. ಹಾಗಾಗಿ ಕೊನೆಯ ಹದಿನಾಲ್ಕು ದಿನ ಲೆಕ್ಕದಿಂದ ಹೊರಗೆ. ಅದು ಇನ್ನೂ ಹಣ್ಣಾಗದ ಲೆಕ್ಕ.

ಇನ್ನೊಂದು ವಾರ 10,000ಕ್ಕೆ ನಾಲ್ಕೇ ಫಾರ್ಮ್. ವಿಚಾರಿಸಿದರೆ ಆ ವಾರ ವೆಬ್‌ಸೈಟಿನ ಫಾರ್ಮೇ ಕೆಲವು ದಿನ ಕೆಲಸ ಮಾಡಿರಲಿಲ್ಲ. ಅದನ್ನೂ ತೆಗೆದ್ವಿ. ಆಗ ಅಕ್ಕ ದಸರಾ ವಾರದ ಮೇಲೆ ಬೆರಳಿಟ್ಟು, "ಇದನ್ನೂ ತೆಗಿ, ಎಲ್ಲರೂ ಊರಿಗೆ ಹೋಗಿದ್ರು" ಅಂದಳು. ಆ ವಾರ ಬಂದಿದ್ದು ಹತ್ತು, ಅಂದರೆ ಒಂದಕ್ಕೆ ಸಾವಿರ ರೂಪಾಯಿ. ನಾನು ಒಪ್ಪಲಿಲ್ಲ. ಫಾರ್ಮ್ ಕೆಟ್ಟಿದ್ದು ಎಣಿಕೆಯ ತಪ್ಪು. ಜನ ಊರಿಗೆ ಹೋಗಿದ್ದು ಜನಜೀವನ. ದೀಪಾವಳಿಗೂ ಹೋಗ್ತಾರೆ, ಯುಗಾದಿಗೂ ಹೋಗ್ತಾರೆ. ಕೆಟ್ಟ ವಾರಗಳನ್ನೆಲ್ಲ ಕಾರಣ ಹುಡುಕಿ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯೋದು ನಮ್ಮ ಆಸೆಯೇ.

ಉಳಿದಿದ್ದು ಒಂಬತ್ತು ವಾರ. ಖರ್ಚು 90,000, ಫಾರ್ಮ್ 120. ಒಂದಕ್ಕೆ 750. ಅತಿ ಒಳ್ಳೆಯ ವಾರದಲ್ಲಿ 556 ಇತ್ತು, ಅತಿ ಕೆಟ್ಟ ವಾರದಲ್ಲಿ 1,000. ಇದು ಅಕೌಂಟು ತಾನೇ ಹೇಳ್ತಿರುವ ಬೆಲೆ. ತಿಂಗಳಿಗೆ ಐವತ್ತಕ್ಕಿಂತ ಹೆಚ್ಚು ಫಾರ್ಮ್ ಬರ್ತಿದ್ದರಿಂದ ಈ ಸರಾಸರಿಯನ್ನು ನಂಬಬಹುದಿತ್ತು. ತಿಂಗಳಿಗೆ ಏಳೆಂಟೇ ಬರ್ತಿದ್ದರೆ ಎರಡು ಫಾರ್ಮ್ ಆಚೀಚೆ ಆದರೂ ಸರಾಸರಿ ಕುಣಿಯುತ್ತೆ. ಆಗ ಇನ್ನೂ ಉದ್ದದ ಅವಧಿ ತಗೋಬೇಕು, ಇಲ್ಲವೇ ಕಾಯಬೇಕು.

"ಸರಿ, ಆದ್ರೂ ನಾನೂರು ಹಾಕಿ ನೋಡೋಣ, ಏನು ಕಳ್ಕೋತೀವಿ?" ಅಂದಳು ಅಕ್ಕ. ಇಲ್ಲಿ ಮೆಷಿನ್ ಒಳಗೆ ಏನು ಮಾಡುತ್ತೆ ಅಂತ ತಿಳಿದಿರಬೇಕು. ಒರಟಾಗಿ ಹೇಳಿದರೆ ಅದು ಪ್ರತಿ ಹುಡುಕಾಟದಲ್ಲೂ ಹೀಗೆ ಗುಣಿಸುತ್ತೆ:

```
Bid = Target CPA × Conversion rate
```

ಅಕ್ಕನ ಅಕೌಂಟಿನಲ್ಲಿ ನೂರು ಕ್ಲಿಕ್ಕಿಗೆ ನಾಲ್ಕು ಫಾರ್ಮ್, ಒಂದು ಕ್ಲಿಕ್ಕಿಗೆ ಸರಾಸರಿ 30 ರೂಪಾಯಿ. ಟಾರ್ಗೆಟ್ 750 ಇದ್ದರೆ ಅಂಥ ಹುಡುಕಾಟಕ್ಕೆ ಮೆಷಿನ್ 30 ರೂಪಾಯಿವರೆಗೆ ಕೂಗುತ್ತೆ. 400 ಅಂದರೆ 16. ಮೂವತ್ತರ ಹರಾಜಿನಲ್ಲಿ ಹದಿನಾರು ಕೂಗಿದವರ ಜಾಹೀರಾತು ಕಾಣೋದೇ ಅಪರೂಪ. ಟೊಮೇಟೊ ಕೆಜಿಗೆ ಮೂವತ್ತು ಇರುವಾಗ ಹದಿನಾರಕ್ಕೇ ತಗೊಂಡು ಬಾ ಅಂತ ಒಬ್ಬನನ್ನು ಕೆ.ಆರ್. ಮಾರ್ಕೆಟ್ಟಿಗೆ ಕಳಿಸಿದ ಹಾಗೆ. ಅವನು ಬೆಲೆ ಇಳಿಸಿಕೊಂಡು ಬರಲ್ಲ, ಖಾಲಿ ಚೀಲ ಹಿಡಿದು ಬರ್ತಾನೆ.

ಅಕೌಂಟಿನಲ್ಲಿ ಇದು ಹೇಗೆ ಕಾಣುತ್ತೆ ಅಂದರೆ, ದಿನದ ಬಜೆಟ್ ಖರ್ಚಾಗದೆ ಉಳಿಯುತ್ತೆ, ಇಂಪ್ರೆಶನ್ ಕುಸಿಯುತ್ತೆ, `Search lost IS (rank)` ಕಾಲಂ ಮೇಲೇರುತ್ತೆ. ಸಿಪಿಎ ಕಡಿಮೆಯಾಗಿರಬಹುದು, ಆದರೆ ವಾರಕ್ಕೆ ಹದಿಮೂರು ಫಾರ್ಮ್ ಬರ್ತಿದ್ದ ಕಡೆ ಮೂರೋ ನಾಲ್ಕೋ ಬರುತ್ತೆ. ಇಬ್ಬರು ಟೀಚರ್‌ಗಳ ಸಂಬಳ ಅದರಲ್ಲಿ ಹುಟ್ಟಲ್ಲ.

ಈಗ ಇನ್ನೊಂದು ಲೆಕ್ಕ. ಟಾರ್ಗೆಟ್ ಎಷ್ಟು ಸಾಧ್ಯ ಅನ್ನೋದನ್ನು ಇತಿಹಾಸ ಹೇಳ್ತು. ಎಷ್ಟು ತಾಳಿಕೊಳ್ಳಬಹುದು ಅನ್ನೋದನ್ನು ಅಕ್ಕನ ನೋಟ್‌ಬುಕ್ ಹೇಳಬೇಕು. ಇವೆರಡೂ ಬೇರೆ ಬೇರೆ ನಂಬರ್. ಫೀಸ್‌ನಲ್ಲಿ ಟೀಚರ್ ಸಂಬಳ, ಬಾಡಿಗೆ, ಪುಸ್ತಕ ಕಳೆದು ಒಬ್ಬ ವಿದ್ಯಾರ್ಥಿಗೆ 4,800 ಉಳಿಯುತ್ತೆ. ಫಾರ್ಮ್ ತುಂಬಿದ ಎಂಟು ಜನರಲ್ಲಿ ಒಬ್ಬರು ಸೇರ್ತಾರೆ. ಎಂಟು ಫಾರ್ಮಿಗೆ 4,800 ಅಂದರೆ ಒಂದಕ್ಕೆ ಹೆಚ್ಚೆಂದರೆ 600. ಅಕೌಂಟಿನ ಬೆಲೆ 750. ಅಂದರೆ ಒಬ್ಬ ವಿದ್ಯಾರ್ಥಿ ಸೇರಿದಾಗಲೆಲ್ಲ ಅಕ್ಕ 1,200 ರೂಪಾಯಿ ಕೈಯಿಂದ ಹಾಕ್ತಿದ್ದಳು. ಐನೂರಾರು ಅನ್ನೋ ಸುಳ್ಳು ಸರಾಸರಿ ಮೂರು ತಿಂಗಳು ಇದನ್ನು ಮುಚ್ಚಿಟ್ಟಿತ್ತು.

ಆ 150 ರೂಪಾಯಿ ವ್ಯತ್ಯಾಸವನ್ನು ಪೆಟ್ಟಿಗೆಯಲ್ಲಿ 600 ಅಂತ ಬರೆದು ತುಂಬೋಕಾಗಲ್ಲ. ಅದು ಕೂಗುವ ಬೆಲೆಯನ್ನು ಇಳಿಸುತ್ತೆ ಅಷ್ಟೇ, ಅಕ್ಕನ ಸೆಂಟರನ್ನು ಬದಲಿಸಲ್ಲ. ಹಾಗಾಗಿ ಕೈ ಹಾಕಿದ್ದು ಆ 'ಎಂಟರಲ್ಲಿ ಒಬ್ಬರು' ಅನ್ನೋ ಕಡೆಗೆ. ಫಾರ್ಮ್ ಬಂದಮೇಲೆ ಫೋನ್ ಮಾಡೋಕೆ ಎರಡು ಮೂರು ದಿನ ಹಿಡಿಯುತ್ತಿತ್ತು. ಅದೇ ದಿನ ಸಂಜೆಯೊಳಗೆ ಫೋನ್ ಮಾಡೋದು ಅಂತ ಒಬ್ಬ ಟೀಚರ್ ವಹಿಸಿಕೊಂಡರು. ಒಂದು ಬ್ಯಾಚ್ ಕಳೆಯುವಷ್ಟರಲ್ಲಿ ಆರರಲ್ಲಿ ಒಬ್ಬರು ಸೇರತೊಡಗಿದರು. 4,800 ಭಾಗಿಸು ಆರು, 800. ಈಗ 750 ತಾಳಿಕೊಳ್ಳುವ ಬೆಲೆಯಾಯ್ತು.

ಆಮೇಲೆ ಟಾರ್ಗೆಟ್ 750 ಅಂತ ಬರೆದು ಆನ್ ಮಾಡಿದ್ವಿ. ಎರಡನೇ ದಿನವೇ ಅಕ್ಕನ ಫೋನ್: "ಲೋ, ದಿನಕ್ಕೆ ಸಾವಿರದ ನಾನೂರು ಬಜೆಟ್ಟು, ಎರಡೂವರೆ ಸಾವಿರ ತಿಂದುಬಿಟ್ಟಿದೆ!" ಗೂಗಲ್ ಒಂದು ದಿನ ಬಜೆಟ್ಟಿನ ಎರಡರಷ್ಟರವರೆಗೂ ಖರ್ಚು ಮಾಡಬಹುದು, ತಿಂಗಳ ಒಟ್ಟು ಮಿತಿ ಮಾತ್ರ ದಾಟಲ್ಲ. ಮೊದಲ ಒಂದೆರಡು ವಾರ ಅದು ಕಲಿಯುವ ಸಮಯ. ಆಗ ಟಾರ್ಗೆಟ್ ಮುಟ್ಟಬಾರದು. ದಿನದಿನದ ಸಿಪಿಎ ನೋಡಿ ಅರ್ಥವೂ ಇಲ್ಲ, ಯಾಕಂದರೆ 750 ಅನ್ನೋದು ಸರಾಸರಿ. ಒಂದು ಫಾರ್ಮಿಗೆ 300, ಇನ್ನೊಂದಕ್ಕೆ 1,300 ಆದರೂ ಅದು ಮಾತು ತಪ್ಪಿದ ಹಾಗಲ್ಲ.

ನಾಲ್ಕು ವಾರದ ಲೆಕ್ಕ ಹಣ್ಣಾದ ಮೇಲೆ ನೋಡಿದರೆ 40,000ಕ್ಕೆ 52 ಫಾರ್ಮ್, ಅಂದರೆ 769. ಸಿಪಿಎ ಕಡಿಮೆಯಾಗಿರಲಿಲ್ಲ, ಆದರೆ ಅಕ್ಕ ರಾತ್ರಿ ಕೂತು ಬಿಡ್ ತಿದ್ದುವ ಕೆಲಸ ತಪ್ಪಿತ್ತು. ನಂತರ 700ಕ್ಕೆ ಇಳಿಸಿದ್ವಿ, ಎರಡು ವಾರಕ್ಕಿಂತ ಹೆಚ್ಚೇ ಕಾದ್ವಿ, ಫಾರ್ಮ್‌ಗಳ ಸಂಖ್ಯೆ ನಿಂತಿತು. 640ಕ್ಕೆ ಇಳಿಸಿದಾಗ ಬಜೆಟ್ ಖರ್ಚಾಗದೆ ಉಳಿಯತೊಡಗಿತು, ವಾರಕ್ಕೆ ಎಂಟೇ ಫಾರ್ಮ್. ಮತ್ತೆ 700ಕ್ಕೆ ತಂದು ಬಿಟ್ವಿ. ಬೇರೆ ಸೆಂಟರ್‌ಗಳೂ ಅದೇ ಹುಡುಕಾಟಗಳಿಗೆ ಕೂಗ್ತಾ ಇರುವವರೆಗೆ ಇದಕ್ಕಿಂತ ಕೆಳಗೆ ಜಾಗ ಇಲ್ಲ. ಆರರಲ್ಲಿ ಒಬ್ಬರು ಸೇರೋದನ್ನು ಐದರಲ್ಲಿ ಒಬ್ಬರು ಮಾಡೋಕೆ ಮಾತ್ರ ಇನ್ನೂ ಜಾಗ ಇದೆ. ಅಕ್ಕ ಈಗ ಅದರ ಹಿಂದೆ ಬಿದ್ದಿದ್ದಾಳೆ.