ಮೂರು ಉತ್ತರ, ಒಂದು ಟವರ್

ಹೋದ ವಾರ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ನಾನು ಬ್ಯಾಗ್ ಕೆಳಗಿಡುವುದರೊಳಗೆ ಟೆಸ್ಟ್ ಪೇಪರ್ ಹಿಡಿದುಕೊಂಡು ಬಂದಳು. "ಅಣ್ಣಾ, ನನ್ ಲೆಕ್ಕ ಸರಿ ಇದೆ, ಆದ್ರೂ ತಪ್ಪು ಹಾಕಿದಾರೆ. ಈ ಎತ್ತರ-ದೂರದ ಲೆಕ್ಕಾನೇ ಬೇಡ, ಪರೀಕ್ಷೇಲಿ ಬಿಟ್ಬಿಡ್ತೀನಿ. ಪಿಯುಸಿಗೆ ಸೈನ್ಸೂ ಬೇಡ." ಒಂದು ಲೆಕ್ಕದ ಸಿಟ್ಟು ಪಿಯುಸಿವರೆಗೂ ಹೋಗಿತ್ತು!

ಲೆಕ್ಕ ಇಷ್ಟೇ. 10 ಮೀಟರ್ ಎತ್ತರದ ಮನೆಯ ತಾರಸಿಯಿಂದ ನೋಡಿದರೆ ಎದುರಿನ ಟವರಿನ ತುದಿಯ ಉನ್ನತ ಕೋನ 60°, ಅದರ ಬುಡದ ಅವನತ ಕೋನ 30°. ಟವರಿನ ಎತ್ತರ ಎಷ್ಟು?

ಅವಳ ಉತ್ತರ 20 ಮೀಟರ್. ನಾನೋ ಇಂಜಿನಿಯರು, ಪೆನ್ನು ಯಾಕೆ ಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕಿ "ಮೂವತ್ತು ಕಣೇ" ಅಂದೆ. ಪುಸ್ತಕದ ಹಿಂದೆ ನೋಡಿದರೆ 40. ಚಿಕ್ಕಮ್ಮ ಒಳಗಿಂದ ನಕ್ಕಿದ್ದು ಕೇಳಿಸಿತು :)

ಆಮೇಲೆ ಅವಳ ಚಿತ್ರ ನೋಡಿದೆ. ಮನೆ ಇತ್ತು, ಟವರ್ ಇತ್ತು, ತಾರಸಿಯಿಂದ ಟವರಿನ ಬುಡಕ್ಕೆ ಎಳೆದ ಗೆರೆಯೂ ಇತ್ತು. ಆದರೆ 30° ಅನ್ನೋದನ್ನು ಮನೆಯ ಗೋಡೆಗೂ ಆ ಗೆರೆಗೂ ನಡುವೆ ಬರೆದಿದ್ದಳು. ಪಾಪ, ಇನ್ನೆಲ್ಲಿ ಬರೀತಾಳೆ? ಕೋನ ಅಂದಮೇಲೆ ಎರಡು ಗೆರೆ ಬೇಕು, ಆ ಮೂಲೆಯಲ್ಲಿ ಇದ್ದದ್ದು ಅವೆರಡೇ. ಅವನತ ಕೋನವನ್ನು ಅಳೆಯಬೇಕಾದದ್ದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ. ಆದರೆ ಆ ಗೆರೆ ಮನೆಯೂ ಅಲ್ಲ, ಟವರೂ ಅಲ್ಲ, ನೆಲವೂ ಅಲ್ಲ. ಲೆಕ್ಕದಲ್ಲಿ ಅದರ ಹೆಸರೇ ಬರುವುದಿಲ್ಲ. ಹಾಗಾಗಿ ಮಕ್ಕಳು ಅದನ್ನು ಎಳೆಯುವುದೇ ಇಲ್ಲ.

ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ ಅನ್ನಿಸಿ ತಾರಸಿಗೆ ಕರ್ಕೊಂಡು ಹೋದೆ. ನಮ್ಮೂರಲ್ಲೂ ಮೊಬೈಲ್ ಟವರಿಗೇನು ಬರವಿಲ್ಲ. ಸ್ಕೇಲನ್ನು ಕಣ್ಣಿನ ಪಕ್ಕ ಮಟ್ಟಸವಾಗಿ ಹಿಡಿದು ಟವರಿನ ಕಡೆ ತೋರಿಸು ಅಂದೆ. ಈಗ ಅದನ್ನು ಬುಡದ ಕಡೆಗೆ ಬಾಗಿಸು. ಎಷ್ಟು ಬಾಗಿಸಿದೆಯೋ ಅದು ಅವನತ ಕೋನ. ಮತ್ತೆ ಮಟ್ಟಕ್ಕೆ ತಂದು ತುದಿಯ ಕಡೆಗೆ ಎತ್ತು, ಅದು ಉನ್ನತ ಕೋನ. ಎರಡೂ ಶುರುವಾಗೋದು ಒಂದೇ ಗೆರೆಯಿಂದ. ಎರಡು ಸಲ ಮಾಡಿ "ಓ, ಗೋಡೆಗೆ ಸಂಬಂಧಾನೇ ಇಲ್ಲ!" ಅಂದಳು.

ಕೆಳಗೆ ಬಂದು ಹೊಸ ಹಾಳೆ. ಮೊದಲು ನೆಲದ ಗೆರೆ, ಅದರ ಮೇಲೆ ಮನೆ, ಟವರ್. ತಾರಸಿಯ ಮೇಲೆ ನೋಡುವವರ ಜಾಗಕ್ಕೊಂದು ಚುಕ್ಕಿ. ಆ ಚುಕ್ಕಿಯಿಂದ ಟವರಿಗೆ ಮುಟ್ಟುವ ಹಾಗೆ ಚುಕ್ಕಿಗೆರೆಯಲ್ಲಿ ಅಡ್ಡಗೆರೆ. ಆಮೇಲೇ ದೃಷ್ಟಿರೇಖೆಗಳು, ಕೋನಗಳು. ಅಲ್ಲೀವರೆಗೂ tan ಅನ್ನೋ ಶಬ್ದ ಎತ್ತಬಾರದು ಅಂತ ಕರಾರು.

ಅಡ್ಡಗೆರೆ ಟವರನ್ನು ಎರಡು ತುಂಡು ಮಾಡಿತು. ಕೆಳಗಿನದು ಮನೆಯಷ್ಟೇ, 10 ಮೀಟರ್. ದೂರ d ಆದರೆ tan 30° = 10/d, ಅಂದರೆ d = 10√3, ಸುಮಾರು 17.3 ಮೀಟರ್. ಮೇಲಿನ ತುಂಡು d × tan 60° = 10√3 × √3 = 30. ಒಟ್ಟು 40.

ಈಗ ನನ್ನ 30 ಎಲ್ಲಿಂದ ಬಂತು ಅಂತ ಇಬ್ಬರಿಗೂ ಗೊತ್ತಾಯ್ತು. ಮೇಲಿನ ತುಂಡನ್ನೇ ಇಡೀ ಟವರ್ ಅಂದುಕೊಂಡಿದ್ದೆ. ಅವಳ ಚಿತ್ರದಲ್ಲಿ tan 30° = d/10 ಆಗಿ d = 10/√3, ಮೇಲಿನ ತುಂಡು 10, ಒಟ್ಟು 20. ಈ ಲೆಕ್ಕದ ಮೋಸ ನೋಡಿ, ಮೂರೂ ಚೆಂದದ ಪೂರ್ಣ ಸಂಖ್ಯೆಗಳೇ. ಎಲ್ಲೂ ರೂಟು ಉಳಿಯಲ್ಲ, ಅನುಮಾನವೇ ಬರಲ್ಲ. ನಮ್ಮ ಆಫೀಸಲ್ಲೂ ಹಾಗೇ, ಎರರ್ ಕೊಡೋ ಪ್ರೋಗ್ರಾಮಿಗಿಂತ ಸುಮ್ಮನೆ ತಪ್ಪು ಉತ್ತರ ಕೊಡೋದೇ ಡೇಂಜರ್.

ಚಿತ್ರ ತಪ್ಪಿದ್ದನ್ನು ಹಿಡಿಯೋಕೆ ಒಂದು ದಾರಿ ಇದೆ. 45° ಆದರೆ ಎತ್ತರ, ದೂರ ಎರಡೂ ಸಮ. 30° ಅದಕ್ಕಿಂತ ಕಡಿಮೆ, ಅಂದರೆ ಟವರ್ ಮನೆಯ ಎತ್ತರಕ್ಕಿಂತ ಹೆಚ್ಚು ದೂರದಲ್ಲೇ ಇರಬೇಕು. ಅವಳ ಲೆಕ್ಕದಲ್ಲಿ ದೂರ 5.8 ಮೀಟರ್ ಬಂದಿತ್ತು. ಅಷ್ಟು ಹತ್ತಿರ ಇದ್ದರೆ ಬುಡ ನೋಡೋಕೆ ಕತ್ತು ಚೆನ್ನಾಗಿಯೇ ಬಗ್ಗಿಸಬೇಕು.

ಊಟಕ್ಕೆ ಕೂತಾಗ ಕೇಳಿದಳು, "ಅಣ್ಣಾ, ತಾರಸಿ ಮೇಲೆ ನಿಂತ್ರೆ ಕಣ್ಣು ಇನ್ನೂ ಮೇಲಿರುತ್ತಲ್ಲ?" ಲೆಕ್ಕದಲ್ಲಿ ನೋಡುವವರ ಎತ್ತರ ಕೊಡದಿದ್ದರೆ ಅದನ್ನು ಬಿಟ್ಟುಬಿಡಬೇಕು ಅಂದೆ. ಆದರೂ ಅವಳು ಬಿಡಲಿಲ್ಲ. ಕಣ್ಣು ಒಂದೂವರೆ ಮೀಟರ್ ಮೇಲಿದೆ ಅಂತ ಹಾಕಿ ಚಿತ್ರ ತಿದ್ದಿದರೆ ಕೆಳಗಿನ ತುಂಡು 11.5, ಮೇಲಿನದು 34.5, ಟವರ್ 46 ಮೀಟರ್. ಒಂದೂವರೆಗೆ ಆರು ಮೀಟರ್ ವ್ಯತ್ಯಾಸ! ನಂಗೆ ಇದು ಹೊಳೆದೇ ಇರಲಿಲ್ಲ. ಅನ್ನ ಆರಿಹೋಗ್ತಿದೆ ಅಂತ ಚಿಕ್ಕಮ್ಮ ಇಬ್ಬರಿಗೂ ಬೈದರು.