ಬಾಗಿಲು ತೆರೆದಾಗ ಮಾತ್ರ ಬರುತ್ತಿದ್ದ ಅಲಾರಂ

ನರಗುಂದ ಅಂದ ಕೂಡಲೇ ಮಲಪ್ರಭೆ ಕಾಲುವೆ ನೆನಪಾಗುತ್ತದೆ, 1980ರ ರೈತ ಹೋರಾಟ ನೆನಪಾಗುತ್ತದೆ. ಅದೇ ನದಿಯ ನೀರು ಕುಡಿಯಲಿಕ್ಕೂ ಪೈಪು ಹಿಡಿದು ಈ ಸೀಮೆಯ ಹಳ್ಳಿಗಳಿಗೆ ಹೋಗುತ್ತದೆ ಎಂಬುದರ ಕಡೆ ಹೊರಗಿನವರ ಲಕ್ಷ್ಯ ಕಡಿಮೆ. ಎರೆ ಭೂಮಿಯ ಕೆಳಗಿನ ನೀರು ಬಹಳ ಕಡೆ ಸವಳು. ಬೋರ್‌ವೆಲ್ ಕೊರೆಸಿದರೂ ಕುಡಿಯುವ ನೀರಿಗೆ ಹೊಳೆಯನ್ನೇ ನಂಬಬೇಕು. ಅಂಥ ಒಂದು ಬಹುಗ್ರಾಮ ನೀರಿನ ಯೋಜನೆಯಲ್ಲಿ ಸ್ಕಾಡಾ ಕೆಲಸ ನನ್ನದಾಗಿತ್ತು. ಶುದ್ಧೀಕರಣ ಘಟಕದ ಕಂಟ್ರೋಲ್ ರೂಮಿನಲ್ಲಿ ಕುಳಿತವನಿಗೆ ರೋಣ, ನರಗುಂದದ ಕಡೆಯ ಪಂಪುಮನೆಗಳಲ್ಲಿ, ಟಾಕಿಗಳಲ್ಲಿ ಏನಾಗುತ್ತಿದೆ ಎಂದು ಪರದೆಯ ಮೇಲೆ ಕಾಣುವಂತೆ ಮಾಡುವುದು.

ಪ್ರತಿ ಹಳ್ಳಿಯ ಮೇಲ್ಮಟ್ಟದ ಟಾಕಿಯ ಬುಡದಲ್ಲಿ ಒಂದು ಪ್ಯಾನಲ್, ಅದರೊಳಗೆ ಚಿಕ್ಕ ಪಿಎಲ್‌ಸಿ, ಸಿಮ್ ಹಾಕಿದ ಮೋಡೆಮ್. ಒಂದು ಕಡೆಯ ಅಲಾರಂಗಳು ಹೆಚ್ಚೆಂದರೆ ಹದಿನಾರು. ಪ್ರತಿಯೊಂದಕ್ಕೂ ಹೌದು, ಇಲ್ಲ ಎಂಬ ಎರಡೇ ಸ್ಥಿತಿ. ಒಂದೊಂದನ್ನೂ ಬೇರೆ ಬೇರೆ ಕಳಿಸುವುದು ದಂಡ. ಹೇಗಿದ್ದರೂ ಒಂದು ರಿಜಿಸ್ಟರಿನಲ್ಲಿ 16 ಬಿಟ್ ಇರುತ್ತವೆ. ಎಲ್ಲವನ್ನೂ ಒಂದೇ ವರ್ಡಿಗೆ ಕಟ್ಟಿ ಕಳಿಸಿ, ಆ ಕಡೆ ಬಿಚ್ಚಿಕೊಂಡರಾಯಿತು. ಸ್ಕಾಡಾ ತಂತ್ರಾಂಶಗಳ ಲೈಸೆನ್ಸನ್ನು ಸಾಮಾನ್ಯವಾಗಿ ಟ್ಯಾಗ್ ಲೆಕ್ಕದಲ್ಲಿ ಮಾರುತ್ತಾರೆ. ನಲವತ್ತು ಹಳ್ಳಿಗೆ 640 ಟ್ಯಾಗ್ ಕೊಳ್ಳುವ ಬದಲು 40 ಕೊಂಡರೆ ಸಾಕು ಎಂಬುದು ಟೆಂಡರ್ ಬರೆಯುವವರಿಗೂ ಬೇಗ ತಿಳಿಯುವ ಮಾತು.

ಕಟ್ಟುವುದು ಸುಲಭ. ಬಿಟ್ 0ರ ತೂಕ 1, ಬಿಟ್ 1ರದು 2, ಬಿಟ್ 2ರದು 4, ಹೀಗೆ ದುಪ್ಪಟ್ಟಾಗುತ್ತ ಬಿಟ್ 15ಕ್ಕೆ 32768. ಟಾಕಿ ತುಂಬಿದ್ದನ್ನು ಹೇಳುವ ಫ್ಲೋಟ್ ನನ್ನ ಪಟ್ಟಿಯಲ್ಲಿ ಬಿಟ್ 3. ಹಾಗಾಗಿ ಟಾಕಿ ಮಾತ್ರ ತುಂಬಿ ಬೇರೆಲ್ಲ ಸರಿಯಿದ್ದರೆ ವರ್ಡಿನ ಬೆಲೆ 8. ಪ್ಯಾನಲ್ ಬಾಗಿಲು ತೆರೆದಿದೆ ಎನ್ನುವುದು ಬಿಟ್ 12, ಅಂದರೆ 4096. ಎರಡೂ ಇದ್ದರೆ 4104. ಪರದೆಯ ಕಡೆ ಬಿಚ್ಚುವುದೂ ಅಷ್ಟೇ:

```
TankHigh := (AlmWord AND 16#0008) <> 0;
DoorOpen := (AlmWord AND 16#1000) <> 0;
```

ಈ ಕೆಲಸದಲ್ಲಿ ಎಲ್ಲರೂ ಎಡವುವ ಜಾಗಗಳು ನನಗೆ ಗೊತ್ತಿದ್ದವು, ಆ ಹಮ್ಮೂ ಇತ್ತು. ವರ್ಡನ್ನು ಚಿಹ್ನೆಯಿರುವ ಸಂಖ್ಯೆಯಾಗಿ ಓದಿದರೆ ಬಿಟ್ 15 ಎದ್ದ ಕೂಡಲೇ 32768 ಹೋಗಿ -32768 ಆಗುತ್ತದೆ. ಟ್ಯಾಗಿನ ಕನಿಷ್ಠ ಬೆಲೆ ಸೊನ್ನೆ ಎಂದಿದ್ದರೆ ಕೆಲವು ತಂತ್ರಾಂಶಗಳು ಅದನ್ನು ಸೊನ್ನೆಗೇ ತಂದು ನಿಲ್ಲಿಸುತ್ತವೆ, ಉಳಿದ ಹದಿನೈದು ಅಲಾರಂಗಳೂ ಅದರ ಜೊತೆಗೇ ಮಾಯ. ಅದನ್ನು ನೋಡಿಕೊಂಡಿದ್ದೆ. ವೈರಿಂಗ್ ನಕ್ಷೆಯವರು 1ರಿಂದ 16 ಎಣಿಸುತ್ತಾರೆ, ಪ್ರೋಗ್ರಾಂ ಬರೆಯುವವರು 0ಯಿಂದ 15. ಅದನ್ನೂ ಸರಿಮಾಡಿಕೊಂಡಿದ್ದೆ. ಕಮಿಷನಿಂಗ್ ದಿನ ಒಂದೊಂದೇ ಬಿಟ್ ಎತ್ತಿ ಪರದೆ ನೋಡಿ ಸಹಿ ಹಾಕಿಸಿಕೊಂಡದ್ದೂ ಆಗಿತ್ತು.

ಕೆಲವು ತಿಂಗಳಾದ ಮೇಲೆ ಸಿಮ್ ಡೇಟಾದ ಖರ್ಚಿನ ಮಾತು ಬಂತು. ಫ್ಲೋ ಮೀಟರ್, ಒತ್ತಡ, ಕ್ಲೋರಿನ್ ಬೆಲೆಗಳು ಕೊನೆಯ ಅಂಕಿಯಲ್ಲಿ ಸದಾ ಅಲುಗಾಡುತ್ತಿರುತ್ತವೆ, ಅಲುಗಾಡಿದಾಗೆಲ್ಲ ಮೋಡೆಮ್ ಕಳಿಸುತ್ತದೆ. ಅದಕ್ಕೆ ಮದ್ದು ಡೆಡ್‌ಬ್ಯಾಂಡ್: ಕೊನೆಗೆ ಕಳಿಸಿದ ಬೆಲೆಗಿಂತ ಇಷ್ಟು ಹೆಚ್ಚುಕಡಿಮೆ ಆದರೆ ಮಾತ್ರ ಕಳಿಸು, ಇಲ್ಲದಿದ್ದರೆ ಸುಮ್ಮನಿರು. ಅರ್ಧ ತಾಸಿಗೊಮ್ಮೆ ಮಾತ್ರ ಏನೇ ಇರಲಿ ಎಲ್ಲವನ್ನೂ ಒಂದು ಸಲ ಓದಿಕೊಳ್ಳುವ ವ್ಯವಸ್ಥೆ ಮೊದಲೇ ಇತ್ತು. ಐದು ಮೀಟರ್ ಸಂಪಿಗೆ ಶೇ 1 ಅಂದರೆ ಐದು ಸೆಂಟಿಮೀಟರ್, ಯಾರಿಗೂ ತೊಂದರೆಯಿಲ್ಲ. ಎಕ್ಸೆಲ್ ಹಾಳೆಯಲ್ಲಿ ಡೆಡ್‌ಬ್ಯಾಂಡ್ ಕಾಲಮ್ಮಿನ ಮೊದಲ ಸಾಲಿನಲ್ಲಿ 1 ಎಂದು ಬರೆದೆ, ಚೌಕದ ಮೂಲೆ ಹಿಡಿದು ಕೆಳಗಿನವರೆಗೆ ಎಳೆದೆ, ಎಲ್ಲ ಪ್ಯಾನಲ್‌ಗಳಿಗೂ ಇಳಿಸಿದೆ. ಡೇಟಾ ಖರ್ಚು ಇಳಿಯಿತು, ಮೇಲಿನವರು ಖುಷಿಪಟ್ಟರು. ಎಳೆದ ಸಾಲುಗಳ ನಡುವೆ ಅಲಾರಂ ವರ್ಡುಗಳೂ ಇದ್ದವು.

65535ಕ್ಕೆ ಶೇ 1 ಅಂದರೆ 655. ಟಾಕಿ ತುಂಬಿದರೆ ವರ್ಡು ಬದಲಾಗುವುದು ಎಂಟರಷ್ಟು. ಎಂಟು ಎಲ್ಲಿ, 655 ಎಲ್ಲಿ. ಪ್ಯಾನಲ್ಲಿನ ಲೆಕ್ಕದಲ್ಲಿ ಏನೂ ಆಗೇ ಇಲ್ಲ. ಬಿಟ್ 0ಯಿಂದ ಬಿಟ್ 9ರವರೆಗೆ ಯಾವುದೇ ಒಂದು ಬಿಟ್ ತಾನೊಂದೇ ಎದ್ದರೆ ಅದೇ ಗತಿ, ಬಿಟ್ 9ರ ತೂಕವೂ 512 ಅಷ್ಟೇ. ಬಿಟ್ 10ರಿಂದ ಮೇಲಿನವು 1024ಕ್ಕೆ ಕಡಿಮೆಯಿಲ್ಲದವು, ಅವು ತಟ್ಟನೆ ಹೋಗುತ್ತವೆ. ನಾನು ಪಟ್ಟಿ ಮಾಡುವಾಗ ಮುಖ್ಯವಾದವನ್ನು ಮೊದಲು ಬರೆದಿದ್ದೆ: ಪಂಪ್ ಟ್ರಿಪ್, ಸಂಪಿನ ಕೆಳಮಟ್ಟ, ಟಾಕಿ ತುಂಬಿದ್ದು, ಫೇಸ್ ಹೋದದ್ದು. ಬಾಗಿಲು, ಬ್ಯಾಟರಿ, ಪಿಎಲ್‌ಸಿ ಮರುಚಾಲನೆಯಂಥ ಪುಟಾಣಿ ಸಂಗತಿಗಳು ಕೊನೆಗೆ, ಅಂದರೆ ಮೇಲಿನ ಬಿಟ್‌ಗಳಿಗೆ. ಬೇಕಾದದ್ದೆಲ್ಲ ತಡೆದು ಬೇಡದ್ದನ್ನೆಲ್ಲ ಬಿಡುವ ಜರಡಿಯನ್ನು ಇದಕ್ಕಿಂತ ಚೊಕ್ಕವಾಗಿ ಮಾಡಲು ಬರುತ್ತಿರಲಿಲ್ಲ.

ಒಂದು ಬೆಳಗಿನ ಜಾವ ರೋಣ ಕಡೆಯ ಒಂದು ಹಳ್ಳಿಯಿಂದ ವಾಟರ್‌ಮ್ಯಾನ್ ಫೋನು. "ಸರ, ಟಾಕಿ ತುಂಬಿ ಹರಿಯಾಕತ್ತೈತ್ರಿ. ನಿಮ್ಮ ಸ್ಕ್ರೀನಿನ್ಯಾಗ ಏನೂ ಬಂದಿಲ್ಲೇನ್ರಿ?" ಬಂದಿರಲಿಲ್ಲ. ಸಣ್ಣ ಹಳ್ಳಿಗಳ ಟಾಕಿಗೆ ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ ಇರಲಿಲ್ಲ, ಫ್ಲೋಟ್ ಒಂದೇ ದಿಕ್ಕು. ಅದರ ಸುದ್ದಿ ಬಂದರೆ ಕಂಟ್ರೋಲ್ ರೂಮಿನವನು ಫೋನ್ ಮಾಡಿ ವಾಲ್ವ್ ಮುಚ್ಚಿಸುತ್ತಿದ್ದ. ನಾನು ಹೋಗುವಷ್ಟರಲ್ಲಿ ಟಾಕಿಯ ಸುತ್ತ ಎರೆಮಣ್ಣು ಕಾಲಿಗೆ ಮೆತ್ತುವ ರಾಡಿಯಾಗಿತ್ತು. ವಾಲ್ವ್ ಮುಚ್ಚಿದ್ದರೂ ನೀರು ಇನ್ನೂ ಫ್ಲೋಟಿನ ಮಟ್ಟದಲ್ಲೇ ಇತ್ತು. ಪ್ಯಾನಲ್ ಬೀಗ ತೆಗೆದು ಬಾಗಿಲು ಎಳೆದೆ. ಕಂಟ್ರೋಲ್ ರೂಮಿನ ಹುಡುಗ ಫೋನ್ ಮಾಡಿದ: "ಈಗ ಬಂತ್ರಿ ಸರ, ಟಾಕಿ ತುಂಬೈತಿ ಅಂತ."

ನನಗೆ ಅನ್ನಿಸಿದ್ದು ಇಷ್ಟು: ಎಲ್ಲೋ ವೈರ್ ಸಡಿಲ ಇದೆ, ಬಾಗಿಲು ಎಳೆದ ಅಲುಗಾಟಕ್ಕೆ ಕೂಡಿಕೊಂಡಿತು. ಟರ್ಮಿನಲ್‌ಗಳನ್ನೆಲ್ಲ ಬಿಗಿ ಮಾಡಿದೆ. ಫ್ಲೋಟನ್ನೂ ಬದಲಿಸಿದೆ. ಹೊಸದನ್ನು ಎತ್ತಿ ಕಟ್ಟಿ, ಬಾಗಿಲು ಮುಚ್ಚಿ ಫೋನ್ ಹಚ್ಚಿ ಕೇಳಿದೆ. "ತೋರಸಾಕತ್ತೈತ್ರಿ." ಸಮಾಧಾನವಾಗಿ ಹೊರಟೆ.

ಆಗಿದ್ದೇನೆಂದರೆ, ಬಾಗಿಲು ತೆರೆದಾಗ ವರ್ಡು 8ರಿಂದ 4104ಕ್ಕೆ ಜಿಗಿದಿತ್ತು. 655 ದಾಟಿದ ಮೇಲೆ ಹೋಗುವುದು ಇಡೀ ವರ್ಡು, ಬಾಗಿಲಿನ ಬಿಟ್ ಒಂದೇ ಅಲ್ಲ. ನಮ್ಮ ಕಡೆಯ ಟಂಟಂ ಸೀಟು ತುಂಬದೆ ಬಿಡುವುದಿಲ್ಲವಲ್ಲ, ಹಾಗೆ. ಒಬ್ಬಿಬ್ಬರು ಹತ್ತಿ ಕುಳಿತಿರುತ್ತಾರೆ, ದೊಡ್ಡ ಗುಂಪೊಂದು ಬಂದು ಹತ್ತಿದ ಮೇಲೆ ಅವರೂ ಊರು ಸೇರುತ್ತಾರೆ. ಮುಚ್ಚಿದಾಗಲೂ 4096ರಷ್ಟೇ ಬದಲಾವಣೆ, ಆಗಲೂ ವರ್ಡು ಹೋಯಿತು. ದೋಷ ಹುಡುಕಲು ಬಂದವನು ಮೊದಲು ಮಾಡುವ ಕೆಲಸವೇ ಬಾಗಿಲು ತೆರೆಯುವುದು, ಕೊನೆಗೆ ಮಾಡುವುದು ಮುಚ್ಚುವುದು. ಎರಡೂ ಸಲ ದೋಷ ತಾನಾಗಿ ಮುಚ್ಚಿಹೋಗುತ್ತಿತ್ತು.

ಅದೇ ಟಾಕಿ ಮತ್ತೆ ಹರಿಯಿತು, ಬೇರೆ ಹಳ್ಳಿಯದೂ ಹರಿಯಿತು. ಆಗ ನಾನು ಫ್ಲೋಟುಗಳ ಗುಣಮಟ್ಟವನ್ನು ಬಯ್ಯುವುದು ಬಿಟ್ಟು ಅಲಾರಂ ಲಾಗ್ ಮುಂದೆ ಕುಳಿತೆ. ಬಾಗಿಲಿನ ಅಲಾರಂಗಳ ಹೊತ್ತು ನಿಜವಾದ ಹೊತ್ತಿನಂತೆಯೇ ಇತ್ತು: ಹತ್ತೂ ಹದಿನೇಳು, ಎರಡೂ ನಲವತ್ತಮೂರು, ಹೀಗೆ ಎಲ್ಲೆಂದರಲ್ಲಿ. ಟಾಕಿ ಅಲಾರಂಗಳು ಮಾತ್ರ ಹೆಚ್ಚುಕಡಿಮೆ ಎಲ್ಲವೂ ಗಂಟೆ ಹೊಡೆದಾಗ, ಇಲ್ಲವೇ ಸರಿಯಾಗಿ ಅರ್ಧ ತಾಸಿಗೆ. ನೀರು ಗಡಿಯಾರ ನೋಡಿ ತುಂಬುವುದಿಲ್ಲ. ಅವು ತುಂಬಿದ ಹೊತ್ತಲ್ಲ, ಅರ್ಧ ತಾಸಿನ ಓದಿನಲ್ಲಿ ಸಿಕ್ಕಿಬಿದ್ದ ಹೊತ್ತು. ಎರಡು ಓದುಗಳ ನಡುವೆ ಎದ್ದು ಮಲಗಿದ ಅಲಾರಂ ಲಾಗಿಗೇ ಬಂದಿಲ್ಲ.

ಮತ್ತೆ ಹಳ್ಳಿಗೆ ಹೋಗಿ ಬಾಗಿಲು ತೆರೆದು, ಅದು ತೆರೆದೇ ಇರಲಿ ಎಂದು ಬಿಟ್ಟು, ಲ್ಯಾಪ್‌ಟಾಪ್ ಹಚ್ಚಿದೆ. ವಾಟರ್‌ಮ್ಯಾನ್ ಮೇಲೆ ಹತ್ತಿ ಫ್ಲೋಟ್ ಎತ್ತಿದ. ಪಿಎಲ್‌ಸಿಯ ರಿಜಿಸ್ಟರು ನನ್ನ ಕಣ್ಣೆದುರೇ 4096ರಿಂದ 4104 ಆಯಿತು. ಕಂಟ್ರೋಲ್ ರೂಮಿನಲ್ಲಿ ಇನ್ನೂ 4096. ಬಾಗಿಲಿನ ಸ್ವಿಚ್ಚನ್ನು ಬೆರಳಿಂದ ಒತ್ತಿದೆ. ಆ ಕಡೆ 8 ಎಂದು ಬಂತು, ಟಾಕಿ ತುಂಬಿದೆ ಎಂಬ ಕೆಂಪು ಗೆರೆ ಸಮೇತ. ಡೆಡ್‌ಬ್ಯಾಂಡ್ ಕಾಲಮ್ ನೆನಪಾದದ್ದು ಆಗ. ಬೆವರು ಬಂದದ್ದು ಬಿಸಿಲಿಗಲ್ಲ.

ಸಂಪು ಖಾಲಿಯಾದರೆ ಪಂಪು ನಿಲ್ಲಿಸುವ ಕೆಲಸ ಅಲ್ಲಲ್ಲೇ ರಿಲೇ ಮಾಡುತ್ತಿತ್ತು, ಪರದೆಯನ್ನು ಕಾಯುತ್ತಿರಲಿಲ್ಲ. ಹಾಗಾಗಿ ಮೋಟರ್ ಯಾವುದೂ ಸುಡಲಿಲ್ಲ. ಅದು ನನ್ನ ಜಾಣತನವಲ್ಲ, ಪ್ಯಾನಲ್ ವೈರಿಂಗ್ ಮಾಡಿದವರ ಹಳೆಯ ರೂಢಿ.

ಅಲಾರಂ ವರ್ಡು ನೋಡಲಿಕ್ಕೆ ಸಂಖ್ಯೆ, ಆದರೆ ಅದರಲ್ಲಿ ದೊಡ್ಡದು ಚಿಕ್ಕದು ಎಂಬ ಅರ್ಥವೇ ಇಲ್ಲ. 8ರಿಂದ 16ಕ್ಕೆ ಹೋದರೆ ಎಂಟು ಹೆಚ್ಚಾದದ್ದಲ್ಲ, ಒಂದು ಅಲಾರಂ ಮಲಗಿ ಇನ್ನೊಂದು ಎದ್ದದ್ದು. ಆದ್ದರಿಂದ ಕಳೆದು ನೋಡಬಾರದು, ಬಿಟ್ಟಿಗೆ ಬಿಟ್ ಹೋಲಿಸಬೇಕು. ಅದನ್ನು ಎಕ್ಸ್‌ಆರ್ ಮಾಡುತ್ತದೆ:

```
IF (AlmWord XOR LastAcked) <> 16#0000 THEN
  SendNow := TRUE;
END_IF;
```

`LastAcked` ಅನ್ನು ಕಳಿಸಿದ ಕೂಡಲೇ ಬದಲಿಸುವಂತಿಲ್ಲ. ಆ ಕಡೆಯಿಂದ ಮುಟ್ಟಿತು ಎಂಬ ಉತ್ತರ ಬಂದ ಮೇಲೆ, ಆ ಸಂದೇಶದಲ್ಲಿ ಹೋದ ಬೆಲೆಯನ್ನೇ ಅದಕ್ಕೆ ತುಂಬಬೇಕು. ಉತ್ತರ ಬರುವಷ್ಟರಲ್ಲಿ ವರ್ಡು ಇನ್ನೊಮ್ಮೆ ಬದಲಾಗಿರಬಹುದು, ನೆಟ್‌ವರ್ಕ್ ಸಂದೇಶವನ್ನು ನುಂಗಿರಲೂಬಹುದು. ಡೆಡ್‌ಬ್ಯಾಂಡನ್ನು ಸೊನ್ನೆ ಮಾಡಿದರೂ ಸಾಕಾಗುತ್ತಿತ್ತು ನಿಜ. ಆದರೆ ಮುಂದೊಮ್ಮೆ ಇನ್ನೊಬ್ಬ ನನ್ನಂಥವನು ಅದೇ ಕಾಲಮ್ ಹಿಡಿದು ಎಳೆಯುತ್ತಾನೆ. ಅಲಾರಂ ವರ್ಡುಗಳನ್ನು ಆ ಹಾಳೆಯಿಂದಲೇ ತೆಗೆದು ಬೇರೆ ಹಾಳೆಗೆ ಹಾಕಿದೆ, ಅಲ್ಲಿ ಆ ಕಾಲಮ್ಮೇ ಇಲ್ಲ. ಇತಿಹಾಸ ದಾಖಲಿಸುವ ಕಡೆಯೂ ಇಂಥದ್ದೇ ಒಂದು ಶೇಕಡಾ ಕೂತಿತ್ತು. ಅದನ್ನು ನೋಡದೆ ಬಿಟ್ಟಿದ್ದರೆ ಪರದೆಗೆ ಬಂದ ಅಲಾರಂ ಗ್ರಾಫಿನಲ್ಲಿ ಸಿಗುತ್ತಿರಲಿಲ್ಲ.

ಕ್ಷಣದಲ್ಲಿ ಬಂದು ಹೋಗುವ ಅಲಾರಂಗಳ ತೊಂದರೆ ಇದರಿಂದ ಪೂರ್ತಿ ಹೋಗಲಿಲ್ಲ. ಫೇಸ್ ಒಂದು ಸೆಕೆಂಡ್ ಹೋಗಿ ಬಂದಾಗ ಮೋಡೆಮ್ ಸಾಲಿನಲ್ಲಿ ನಿಂತಿದ್ದರೆ, ಕಳಿಸುವ ಹೊತ್ತಿಗೆ ವರ್ಡು ಮತ್ತೆ ಮೊದಲಿನಂತೆ. ಅಂಥ ಬಿಟ್‌ಗಳನ್ನು ಪಿಎಲ್‌ಸಿಯಲ್ಲೇ ಹಿಡಿದಿಟ್ಟು, ಉತ್ತರ ಬಂದ ಮೇಲೆ ಬಿಡುವಂತೆ ಮಾಡಿದೆ.

ಮರುಪರೀಕ್ಷೆಯನ್ನು ಬಾಗಿಲು ಮುಚ್ಚಿಯೇ ಮಾಡಿದೆವು. ಫ್ಲೋಟಿಗೆ ಟಾಕಿಯ ಮೇಲೊಬ್ಬ, ಉಳಿದವಕ್ಕೆ ಹೊರಗಿನ ಜಂಕ್ಷನ್ ಬಾಕ್ಸಿನ ಬಳಿ ಒಬ್ಬ. ಒಂದು ಸಲಕ್ಕೆ ಒಂದೇ ಬಿಟ್, ಅದು ಎದ್ದದ್ದೂ ಮಲಗಿದ್ದೂ ಪರದೆಯಲ್ಲಿ ಕಂಡ ಮೇಲೆ ಮುಂದಿನದು. ಓವರ್‌ಫ್ಲೋ ಆದದ್ದು ಒಟ್ಟು ಎಷ್ಟು ಸಲ, ಎಷ್ಟು ನೀರು ಹೋಯಿತು ಎಂದು ಮೇಲಿನ ಇಂಜಿನಿಯರ್ ಕೇಳಿದರು. ಆ ತಿಂಗಳುಗಳ ಲಾಗ್ ಹಿಡಿದು ಅದನ್ನು ಹೇಳಲು ಸಾಧ್ಯವಿಲ್ಲ ಎಂದು ಬರೆದುಕೊಟ್ಟೆ. ಅವರು ಆ ಕಾಗದವನ್ನು ಫೈಲಿಗೆ ಸೇರಿಸಿ, ವಾಟರ್‌ಮ್ಯಾನ್‌ಗಳ ಫೋನ್ ಬಂದ ದಿನಗಳನ್ನು ಕಂಟ್ರೋಲ್ ರೂಮಿನ ರಿಜಿಸ್ಟರ್ ಪುಸ್ತಕದಿಂದ ಬರೆಸಿಕೊಂಡರು.